ಮೇಲೆ ಕೆನೆ, ಕೆಳಗೆ ಉರಿ

ಬೆಳಗಿನ ಎಂಟು ಗಂಟೆ. ಚಿಕ್ಕೋಡಿ ಕಡೆಯ ಹಳ್ಳಿಯೊಂದರ ಹಿತ್ತಲ ಅಡುಗೆಮನೆಯಲ್ಲಿ, ಕಟ್ಟಿಗೆ ಒಲೆಯ ಮುಂದೆ ಮಣೆ ಹಾಕಿಕೊಂಡು ನೀವು ಕೂತಿದ್ದೀರಿ. ನಾಳೆ ದಸರಾ. ಹಿತ್ತಲ ಬಾಗಿಲಾಚೆ ಕೊಟ್ಟಿಗೆಯಲ್ಲಿ ಪಂಢರಪುರಿ ಎಮ್ಮೆ ಮೇವು ಮೆಲ್ಲುತ್ತಿದೆ. ಅದರ ಕೊಂಬು ಹೆಗಲನ್ನೂ ದಾಟಿ ಬೆನ್ನಿನ ಮೇಲೆ ಚಾಚಿಕೊಂಡಿದೆ. ಎರಡು ಲೀಟರ್ ಹಾಲು ಈಗಷ್ಟೇ ಕರೆದದ್ದು, ತಂಬಿಗೆ ಮುಟ್ಟಿದರೆ ಇನ್ನೂ ಬೆಚ್ಚಗಿದೆ. ಇದರಿಂದ ರಬಡಿ ಆಗಬೇಕು. ಮಾಡುವವರು ಕಾಕು. ನೋಡಲು ಬಂದ ನಿಮ್ಮನ್ನು ಅವರು ಸುಮ್ಮನೆ ಕೂರಲು ಬಿಡುವುದಿಲ್ಲ.

"ನಿನ್ನಿ ರಾತ್ರೀದು ಅರ್ಧ ಲೀಟರ ಉಳದೈತಿ, ಕೂಡಸೂಣೇನ್ರಿ?" ಎಂದು ಸೊಸೆ ಕೇಳುತ್ತಾಳೆ.

"ಬ್ಯಾಡವಾ. ಅದನ್ನ ಹೆಪ್ಪ ಹಾಕು. ಇದರಾಗ ಕೂಡಿಸಿದ್ರ ಇದೂ ಹೋಗತೈತಿ."

ರಾತ್ರಿಯ ಹಾಲು ಕೆಟ್ಟಿಲ್ಲ. ಮೂಸಿದರೆ ವಾಸನೆ ಇಲ್ಲ, ಕಾಸಿದರೆ ಒಡೆಯುವುದಿಲ್ಲ, ಚಹಾಕ್ಕೆ ಧಾರಾಳವಾಗಿ ಆಗುತ್ತದೆ. ರಬಡಿಗೆ ಮಾತ್ರ ಆಗದು. ಹಾಲಿನಲ್ಲಿ ನೀರು ಇಂಗಿದಂತೆ ಅದರೊಳಗಿನ ಹುಳಿಯೂ ದಟ್ಟವಾಗುತ್ತ ಹೋಗುತ್ತದೆ. ಒಂದು ಕುದಿಗೆ ಜಗ್ಗದ ಹಾಲು, ಕಾಲು ಭಾಗಕ್ಕೆ ಇಳಿಯುವ ಹೊತ್ತಿಗೆ ಸಣ್ಣಗೆ ರವೆ ರವೆಯಾಗಿ ಒಡೆದುಕೊಳ್ಳುತ್ತದೆ. ಅಷ್ಟು ಹೊತ್ತು ಒಲೆ ಕಾದ ಮೇಲೆ ಅದಕ್ಕೆ ಮದ್ದಿಲ್ಲ. ಅದಕ್ಕೇ ಕಾಕು ಈ ಕೆಲಸಕ್ಕೆ ಬೆಳಗಿನ ಹಾಲನ್ನೇ ಹಿಡಿಯುತ್ತಾರೆ.

ಕಬ್ಬಿಣದ ಬಾಣಲೆ ಒಲೆಗೇರುತ್ತದೆ. ಅಗಲ ಬಾಯಿ, ಗುಂಡು ತಳ, ಎತ್ತಲು ಎರಡೂ ಕೈ ಬೇಕು. ಕಾಕು ಒಂದು ಚೊಂಬು ನೀರು ಹಾಕಿ ಒಳಗೆಲ್ಲ ಆಡಿಸಿ ಚೆಲ್ಲುತ್ತಾರೆ, ಒರೆಸುವುದಿಲ್ಲ. ತೇವವಿದ್ದ ಬಾಣಲೆಗೇ ಹಾಲು ಸುರಿಯುತ್ತಾರೆ. ಹಾಲು ಕಾಸುವ ಎಷ್ಟೋ ಮನೆಗಳಲ್ಲಿ ಈ ಪದ್ಧತಿ ಇದೆ. ಲೋಹದ ಮೈಮೇಲಿನ ಸಣ್ಣ ತಗ್ಗುಗಳಲ್ಲಿ ನೀರು ನಿಂತು, ಮೊದಮೊದಲು ಹಾಲು ನೇರವಾಗಿ ಅಂಟದಂತೆ ತಡೆಯುತ್ತದೆ. ಮೊದಲ ಕುದಿಯವರೆಗೆ ಇದು ಕಾಯುತ್ತದೆ. ಎರಡು ತಾಸಿನ ಕೆಲಸವನ್ನೆಲ್ಲ ಇದೇ ಕಾಯುತ್ತದೆ ಎಂದು ನಂಬಿ ಒಲೆ ಬಿಟ್ಟು ಎದ್ದವರ ಬಾಣಲೆ ತಿಕ್ಕುವುದಕ್ಕೆ ಮರುದಿನ ಬೇಕಾಗುತ್ತದೆ.

ಮೊದಲ ಕುದಿ ಬರುವವರೆಗೆ ಉರಿ ಜೋರಾಗಿದೆ, ಸಟ್ಟುಗ ನಿಮ್ಮ ಕೈಯಲ್ಲಿದೆ. ಮರದ್ದು, ತುದಿ ಚಪ್ಪಟೆಯಾಗಿ, ಬಾಣಲೆಯ ಗುಂಡಿಗೆ ಹೊಂದುವಂತೆ ಸವೆದಿದೆ. ಸುತ್ತ ತಿರುಗಿಸಲು ಹೋದರೆ ಕಾಕು ಕೈ ಹಿಡಿಯುತ್ತಾರೆ. ಚಕ್ರದ ಹಾಗೆ ತಿರುಗಿಸಿದರೆ ಹಾಲು ಸುತ್ತುತ್ತದೆ, ತಳದ ನಡುಭಾಗ ಮುಟ್ಟದೆ ಉಳಿಯುತ್ತದೆ. ಸೀಯುವುದು ಅಲ್ಲೇ. ಸಟ್ಟುಗವನ್ನು ಆಚೆ ಅಂಚಿನಿಂದ ತಳಕ್ಕೆ ಒತ್ತಿಕೊಂಡೇ ನಿಮ್ಮ ಕಡೆಗೆ ಎಳೆಯಬೇಕು, ಎತ್ತಬೇಕು, ಪಕ್ಕದ ಸಾಲಿಗೆ ಹೋಗಬೇಕು. ಹೊಲ ಉತ್ತ ಹಾಗೆ, ಒಂದು ಸಾಲೂ ತಪ್ಪಬಾರದು.

ಹಾಲು ಉಬ್ಬಿ ಮೇಲೇರುತ್ತದೆ. ಕಾಕು ಒಲೆಯಿಂದ ಎರಡು ಕೊಳ್ಳಿ ಹೊರಗೆಳೆದು ನೀರು ಚಿಮುಕಿಸುತ್ತಾರೆ. ಒಳಗೆ ಉಳಿದದ್ದು ಕೆಂಡ ಮತ್ತು ಬೆರಳುಗಾತ್ರದ ಒಂದು ಕಟ್ಟಿಗೆ. ಉಬ್ಬು ಇಳಿಯುತ್ತದೆ. ಇನ್ನು ಮುಂದೆ ಈ ಹಾಲು ಕುದಿಯುವಂತಿಲ್ಲ. ಹಬೆ ಏಳಬೇಕು, ಅಂಚಿನಲ್ಲಿ ಸಣ್ಣಗೆ ನಡುಗಬೇಕು, ನಡುವೆ ಒಂದೂ ಗುಳ್ಳೆ ಒಡೆಯಬಾರದು.

"ಈಗ ಸಟ್ಟುಗ ತಗಿ ತಮ್ಮಾ. ಬೀಸಣಿಕಿ ಹಿಡಿ."

ಬೀಸುತ್ತೀರಿ. ಗಾಳಿ ತಾಕಿದಲ್ಲಿ ಹಾಲಿನ ಹೊಳಪು ಮಂಕಾಗುತ್ತದೆ, ಮೈ ಮೇಲೆ ಸಣ್ಣ ಸುಕ್ಕು ಕಾಣುತ್ತದೆ. ಕೆನೆ ಕಟ್ಟುವುದು ಹೀಗೆ: ಮೇಲ್ಮೈಯಿಂದ ನೀರು ಹಬೆಯಾಗಿ ಹೋದಂತೆ ಅಲ್ಲಿನ ಪ್ರೋಟೀನು ಒತ್ತೊತ್ತಾಗಿ ಸೇರಿ ಹೆಣೆದುಕೊಂಡು ಪೊರೆಯಾಗುತ್ತದೆ, ಮೇಲೆದ್ದ ಕೊಬ್ಬು ಆ ಹೆಣಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೀಸಣಿಗೆ ಮಾಡುವುದು ಹಬೆಯನ್ನು ಬೇಗ ಸರಿಸುವ ಕೆಲಸ. ಬಾಣಲೆಗೆ ತಟ್ಟೆ ಮುಚ್ಚಿ ನೋಡಿ, ಹಬೆ ಒಳಗೇ ಉಳಿದು ಕೆನೆ ಕಟ್ಟುವುದೇ ಇಲ್ಲ. ಕುದಿ ಬಂದರೂ ಹಾಗೆ, ಒಂದೊಂದು ಗುಳ್ಳೆಯೂ ಕಟ್ಟುತ್ತಿರುವ ಪೊರೆಯನ್ನು ಹರಿಯುತ್ತದೆ.

ನಾಲ್ಕೈದು ನಿಮಿಷಕ್ಕೆ ಮೊದಲ ಕೆನೆ ನಿಲ್ಲುತ್ತದೆ. ಕಾಕು ಎರಡು ಬಿದಿರು ಕಡ್ಡಿಗಳನ್ನು ಜೋಡಿಸಿ ಹಿಡಿದು, ಪೊರೆಯ ನಡುವೆ ಇಳಿಸಿ, ಮೆಲ್ಲಗೆ ಪಕ್ಕಕ್ಕೆ ಎಳೆಯುತ್ತಾರೆ. ಪೊರೆ ಮಡಿಕೆ ಮಡಿಕೆಯಾಗಿ ಕಡ್ಡಿಯ ಹಿಂದೆ ಬರುತ್ತದೆ. ಅದನ್ನು ಬಾಣಲೆಯ ಗೋಡೆಗೆ, ಹಾಲಿನ ಅಂಚಿಗಿಂತ ಒಂದು ಬೆರಳು ಮೇಲೆ ಅಂಟಿಸುತ್ತಾರೆ. ಕೆಳಗೆ ಹಾಲು ಮತ್ತೆ ಬೆಳ್ಳಗೆ, ಬಯಲಾಗಿದೆ.

ಈಗ ನಿಜವಾದ ಪೇಚು ಶುರು. ಕೆನೆ ಕಟ್ಟಬೇಕಾದರೆ ಹಾಲು ಅಲುಗಬಾರದು. ತಳ ಸೀಯಬಾರದೆಂದರೆ ಹಾಲು ನಿಲ್ಲಬಾರದು. ಒಂದೇ ಬಾಣಲೆಯಲ್ಲಿ ಮೇಲಕ್ಕೆ ಒಂದು ನಿಯಮ, ಕೆಳಕ್ಕೆ ಅದರ ತದ್ವಿರುದ್ಧ. ಎಷ್ಟೋ ಪಾಕಪುಸ್ತಕಗಳು ‘ಆಗಾಗ ಕೈಯಾಡಿಸುತ್ತಿರಿ’ ಎಂದು ಬರೆದು ಮುಂದೆ ಹೋಗುತ್ತವೆ. ಆ ‘ಆಗಾಗ’ ಯಾವಾಗ ಎಂಬುದರಲ್ಲೇ ಇರುವುದು ರಬಡಿ.

ಕಾಕು ಆಡುವ ಆಟ ನೋಡಿ. ಕೆನೆ ಎಳೆದು ಗೋಡೆಗೆ ಅಂಟಿಸಿದ ಮರುಕ್ಷಣ ಮೇಲೆ ಕೆಡುವುದಕ್ಕೆ ಏನೂ ಇಲ್ಲ. ಸಟ್ಟುಗ ಇಳಿಯಬೇಕಾದ್ದು ಆಗಲೇ. ತಳವನ್ನು ಸಾಲು ಹಿಡಿದು ಪೂರ್ತಿ ಒಮ್ಮೆ ಗೀಚುತ್ತಾರೆ. ಆಮೇಲೆ ಸಟ್ಟುಗ ಹೊರಗೆ, ಬೀಸಣಿಗೆ ಕೈಗೆ, ಮುಂದಿನ ಪೊರೆಗೆ ಕಾಯುವುದು. ಎಳೆ, ಗೀಚು, ಬೀಸು. ಕೆನೆಯ ಮೇಲೊಂದು ಕಣ್ಣಿಡದೆ ಅದು ಅರ್ಧ ಕಟ್ಟಿದಾಗ ಕೈಯಾಡಿಸಿದರೆ ಪೊರೆ ಚೂರು ಚೂರಾಗಿ ಹಾಲಲ್ಲಿ ತೇಲುತ್ತದೆ, ತಿನ್ನುವಾಗ ಎಳೆ ಸಿಗುವುದಿಲ್ಲ, ತರಿ ಸಿಗುತ್ತದೆ.

ಮೂರು ನಾಲ್ಕು ಸುತ್ತು ಆದ ಮೇಲೆ ಕಡ್ಡಿ ನಿಮ್ಮ ಕೈಗೆ ಬರುತ್ತದೆ. ಪೊರೆ ನೀವೆಣಿಸಿದ್ದಕ್ಕಿಂತ ಗಟ್ಟಿ, ಜಗ್ಗಿದರೆ ಬರುತ್ತದೆ. ಹಾಲು ಇಳಿದಂತೆ ಹೊಸ ಕೆನೆಯನ್ನು ಇನ್ನೂ ಕೆಳಗೆ ಅಂಟಿಸುತ್ತ ಹೋಗುತ್ತೀರಿ. ಮೊದಲನೆಯದು ಈಗ ಹಾಲಿನಿಂದ ದೂರ, ಮೇಲೆ ಒಣಗುತ್ತಿದೆ. ಕಾಕು ಆಗೀಗ ಒಂದು ಚಮಚ ಬಿಸಿ ಹಾಲು ಎತ್ತಿ ಅದರ ಮೇಲೆ ಹನಿಸುತ್ತಾರೆ. ಒಲೆಯಲ್ಲಿ ಜ್ವಾಲೆ ಏಳದಂತೆ ನೋಡಿಕೊಳ್ಳುವುದೂ ಇದಕ್ಕೇ. ಉರಿ ಬಾಣಲೆಯ ಮಗ್ಗುಲನ್ನು ನೆಕ್ಕಿತೆಂದರೆ ಹಾಲಿಲ್ಲದ ಆ ಗೋಡೆ ಕಾಯ್ದು, ಅಂಟಿಸಿದ ಕೆನೆ ಹಪ್ಪಳವಾಗಿ ಅಂಚು ಕಂದುತ್ತದೆ. ಬಿಸಿ ತಳದ ನಡುವಿಗೆ ಮಾತ್ರ ಸಿಗಬೇಕು.

ಗ್ಯಾಸ್ ಒಲೆಯವರಿಗೆ ಇಲ್ಲಿ ತುಸು ಕಷ್ಟ. ಸಣ್ಣ ಬರ್ನರಿನ ಉರಿ ಉಂಗುರದಂತೆ ಒಂದೇ ಕಡೆ ಚುಚ್ಚುತ್ತದೆ, ಸೀದ ಕಲೆಯೂ ಉಂಗುರವಾಗಿಯೇ ಬೀಳುತ್ತದೆ. ಹಳೆಯ ದಪ್ಪ ರೊಟ್ಟಿ ಹಂಚನ್ನು ಬರ್ನರಿನ ಮೇಲಿಟ್ಟು, ಅದರ ಮೇಲೆ ದಪ್ಪ ತಳದ ಅಗಲ ಪಾತ್ರೆ ಇಟ್ಟರೆ ಬಿಸಿ ಹರಡಿಕೊಳ್ಳುತ್ತದೆ, ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ. ಹಾಲು ಉಕ್ಕದಿರಲೆಂದು ತಳದಲ್ಲಿ ಬಟ್ಟಲು ಕವುಚಿ ಹಾಕುವ ಉಪಾಯ ಬಾಸುಂದಿ ಮಾಡುವ ಕೆಲವರಲ್ಲಿದೆ. ರಬಡಿಗೆ ಅದು ಬೇಡ ಎಂಬುದು ನನ್ನ ಮಾತು. ಗೀಚಬೇಕಾದ ಜಾಗದಲ್ಲೇ ಬಟ್ಟಲು ಕೂತರೆ ಗೀಚುವುದೆಲ್ಲಿ? ಪ್ಯಾಕೆಟ್ ಹಾಲು ಹೋಮೋಜನೈಸ್ ಆಗಿದ್ದರೂ ನಿರಾಸೆಯೇ: ಕೊಬ್ಬನ್ನು ಪುಡಿ ಪುಡಿ ಮಾಡಿ ಹಾಲಲ್ಲೇ ಹಂಚಿಬಿಟ್ಟಿರುತ್ತಾರೆ, ಅದು ಮೇಲೇಳುವುದಿಲ್ಲ, ಕೆನೆ ತೆಳ್ಳಗೆ ಬಡಕಲಾಗಿ ಬರುತ್ತದೆ.

ಒಲೆಯ ಪಕ್ಕ ಒಂದು ಬೇವಿನ ಕಡ್ಡಿ ಇದೆ. ಹಾಲು ಸುರಿದ ಕೂಡಲೇ ಕಾಕು ಅದನ್ನು ತಳ ಮುಟ್ಟಿಸಿ, ಒದ್ದೆಯಾದಲ್ಲಿ ಇದ್ದಲಿನಿಂದ ಗೆರೆ ಎಳೆದಿದ್ದರು. ಮತ್ತೆ ಅದ್ದುತ್ತಾರೆ. ಹಾಲು ಗೆರೆಯ ಮೂರರಲ್ಲಿ ಎರಡು ಪಾಲಿಗೆ ನಿಂತಿದೆ.

"ಅರ್ಧ ಆತು."

ಮೂರರಲ್ಲಿ ಎರಡು ಉಳಿದಿದ್ದರೆ ಅರ್ಧ ಹೇಗೆ? ಬಾಣಲೆಯನ್ನು ನೋಡಿ. ಮೇಲೆ ಅಗಲ, ಕೆಳಗೆ ಕಿರಿದು. ಮೇಲಿನ ಒಂದು ಬೆರಳಿನಲ್ಲಿ ಇರುವಷ್ಟು ಹಾಲು ಕೆಳಗಿನ ಒಂದು ಬೆರಳಿನಲ್ಲಿ ಇರುವುದಿಲ್ಲ. ಆಳ ಮೂರರಲ್ಲಿ ಎರಡು ಪಾಲಿಗೆ ಇಳಿದಾಗಲೇ ಹಾಲು ಸರಿಸುಮಾರು ಅರ್ಧವಾಗಿರುತ್ತದೆ, ಆಳ ಅರ್ಧವಾಗುವಷ್ಟರಲ್ಲಿ ಹಾಲು ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ನೇರ ಗೋಡೆಯ ಪಾತ್ರೆಯ ಲೆಕ್ಕವನ್ನು ಬಾಣಲೆಗೆ ಹಾಕಿ, ಅರ್ಧಕ್ಕೆ ನಿಲ್ಲಿಸಬೇಕಾದ ಬಾಸುಂದಿಯನ್ನು ಗಟ್ಟಿ ಮಾಡಿಕೊಳ್ಳುವವರು ಬಹಳ.

ಬಾಸುಂದಿಯಾಗಿದ್ದರೆ ಇಲ್ಲಿಗೆ ಹತ್ತಿರ ಬಂದೆವು. ಅದರ ದಾರಿಯೇ ಬೇರೆ. ಕೆನೆ ಎಳೆದಿಡುವ ಗೋಜಿಲ್ಲ, ಕೈ ನಿಲ್ಲಿಸುವ ಮಾತಿಲ್ಲ. ಗೋಡೆಗೆ ಅಂಟಿದ್ದನ್ನು ಆಗಾಗ ಹಾಲಿಗೇ ತಳ್ಳುತ್ತ, ಅರ್ಧಕ್ಕಿಂತ ತುಸು ಕೆಳಗೆ ಇಳಿಸಿ, ಸಕ್ಕರೆ, ಜಾಯಿಕಾಯಿ, ಚಾರೋಳಿ ಹಾಕಿದರೆ ಮುಗಿಯಿತು. ಸಟ್ಟುಗದಿಂದ ಸುರಿದರೆ ಧಾರೆಯಾಗಿ ಬೀಳಬೇಕು, ಪೂರಿ ಅದ್ದಿದರೆ ಹತ್ತಿಕೊಳ್ಳಬೇಕು. ಈ ಊರಿನಿಂದ ನರಸೋಬವಾಡಿಯ ದತ್ತನ ದರ್ಶನಕ್ಕೆ ಹೋದವರು ಬರುವಾಗ ಕಟ್ಟಿಸಿಕೊಂಡು ಬರುವುದು ಅದನ್ನೇ. ಕಾಕು ಅದನ್ನು ಹೊಗಳುತ್ತಾರೆ, ಆದರೆ ಅದು ಸುಲಭದ ಕೆಲಸ ಎಂಬ ಧಾಟಿಯಲ್ಲಿ.

ರಬಡಿಗೆ ಇನ್ನೂ ಅರ್ಧ ದಾರಿ ಇದೆ. ಅಪಾಯವೆಲ್ಲ ಈ ಅರ್ಧದಲ್ಲೇ.

ಇಲ್ಲಿಯವರೆಗೆ ಹಾಲು ತನ್ನನ್ನು ತಾನೇ ಕಾಯ್ದುಕೊಂಡಿದೆ. ತೆಳು ಹಾಲಿನಲ್ಲಿ ತಳದ ಬಿಸಿ ಹಾಲು ಮೇಲೇರುತ್ತದೆ, ಮೇಲಿನ ತಣ್ಣನೆಯದು ಇಳಿಯುತ್ತದೆ, ಯಾವುದೂ ತಳದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ದಪ್ಪವಾದ ಹಾಲಿಗೆ ಈ ಓಡಾಟ ಆಗದು. ತಳದ ಹಾಲು ತಳದಲ್ಲೇ ಉಳಿಯುತ್ತದೆ. ಎಪ್ಪತ್ತು ಡಿಗ್ರಿ ದಾಟಿದ ಮೇಲೆ ಹಾಲಿನ ಕೆಲವು ಪ್ರೋಟೀನುಗಳು ಬಿಚ್ಚಿಕೊಂಡು ಬಿಸಿ ಲೋಹಕ್ಕೆ ಅಂಟುತ್ತವೆ. ಮೊದಲು ಕಣ್ಣಿಗೆ ಕಾಣದ ಒಂದು ಪೊರೆ, ಅದರ ಮೇಲೆ ಇನ್ನೊಂದು. ಸುತ್ತ ನೀರಿನಂಶ ಇರುವವರೆಗೆ ಆ ಜಾಗದ ಬಿಸಿ ನೂರರ ಆಸುಪಾಸು ನಿಲ್ಲುತ್ತದೆ. ಅಂಟಿದ ಪದರ ದಪ್ಪವಾಗಿ ಒಣಗಿತೋ, ತಡೆಯುವುದು ಯಾವುದೂ ಇಲ್ಲ, ಹಾಲಿನ ಸಕ್ಕರೆ ಪ್ರೋಟೀನಿನ ಜೊತೆ ಸೇರಿ ಕಂದಿ, ಆಮೇಲೆ ಕರಕಲಾಗುತ್ತದೆ. ಅಂದರೆ ಸೀಯುವುದಕ್ಕೂ ಮೊದಲು ಅಂಟುವುದೆಂಬ ಒಂದು ಹಂತ ಇದೆ. ಆ ಹಂತದಲ್ಲೇ ಹಿಡಿಯಬೇಕು, ಹಿಡಿಯುವುದು ಕೈಯಿಂದ.

"ಕಣ್ಣ ಮುಚ್ಚಿ ಎಳಿ," ಎನ್ನುತ್ತಾರೆ ಕಾಕು.

ಎಳೆಯುತ್ತೀರಿ. ಸಟ್ಟುಗ ನುಣ್ಣಗೆ ಜಾರುತ್ತದೆ. ಇನ್ನೊಂದು ಸಾಲು, ಅದೂ ನುಣುಪು. ಮೂರನೆಯ ಸಾಲಿನಲ್ಲಿ, ಕೊಳ್ಳಿ ಇರುವ ಬದಿಗೆ, ಸಟ್ಟುಗ ಒಂದು ಚೂರು ತಡೆಯುತ್ತದೆ. ನೋವಿಲ್ಲದಂಥ ಸಣ್ಣ ಎಡವು. ಅಷ್ಟೇ.

"ಹತ್ತಲಾಕ ಹತ್ತೈತಿ. ಅಲ್ಲೇ ಇನ್ನೆರಡ ಸಲ ಎಳಿ, ಹಗುರಕ. ಕೆರೀಬ್ಯಾಡ ಮತ್ತ."

ಎರಡು ಸಲ ಮೆತ್ತಗೆ ಎಳೆದರೆ ತಡೆ ಹೋಗುತ್ತದೆ. ಸಟ್ಟುಗದ ತುದಿಗೆ ಬಿಳಿಯ, ಮೃದುವಾದ ತುಣುಕು ಹತ್ತಿಕೊಂಡು ಬಂದಿದೆ. ಬಿಳಿ ಇದ್ದರೆ ಚಿಂತೆ ಇಲ್ಲ, ಹಾಲಿಗೇ ಬಿಡಬಹುದು. ಕಾಕು ಅಷ್ಟರಲ್ಲಿ ಕೊಳ್ಳಿಯನ್ನು ಪೂರ್ತಿ ಹೊರಗೆಳೆದು ಬಾಣಲೆಯನ್ನು ಕಾಲು ಸುತ್ತು ತಿರುಗಿಸಿ ಕೂರಿಸಿದ್ದಾರೆ. ಇನ್ನು ಮುಂದೆ ಬರೀ ಕೆಂಡ. ಪ್ರತಿ ಕೆನೆಗೂ ಒಮ್ಮೆ ಗೀಚುತ್ತಿದ್ದದ್ದು ಈಗ ಸಾಲದು. ಪೊರೆ ಕಟ್ಟುತ್ತಿರುವಾಗಲೂ ಸಟ್ಟುಗವನ್ನು ಗೋಡೆಯ ಪಕ್ಕದಿಂದ ಓರೆಯಾಗಿ ಒಳಗಿಳಿಸಿ, ಪೊರೆಯ ಅಡಿಯಲ್ಲೇ ತಳ ಸವರಿ ಹಾಗೇ ಹೊರಗೆ ತೆಗೆಯುತ್ತಾರೆ. ಮೇಲೆ ಕೆನೆ ಒಂದಿಷ್ಟು ತೂಗಾಡುತ್ತದೆ, ಹರಿಯುವುದಿಲ್ಲ. ಈ ಒಂದು ಕೈಚಳಕ ನಿಮಗೆ ಇವತ್ತು ಬರುವುದಿಲ್ಲ. ನಿಮ್ಮ ಕೈಯಲ್ಲಿ ಪೊರೆ ಹರಿಯುತ್ತದೆ, ಕಾಕು ಏನೂ ಅನ್ನದೆ ಸಟ್ಟುಗ ಇಸಿದುಕೊಳ್ಳುತ್ತಾರೆ.

ತುಣುಕು ಕಂದು ಬಣ್ಣದ್ದಾಗಿದ್ದರೆ? ಸಟ್ಟುಗ ತಡೆದ ಜಾಗದಿಂದ ಗೋಧಿಬಣ್ಣದ ಚುಕ್ಕೆ ಮೇಲೆದ್ದು ತೇಲಿದರೆ, ಹಬೆಯಲ್ಲಿ ತುಪ್ಪ ಕಾಸಿದಂಥ ಘಮದ ಜಾಗದಲ್ಲಿ ಕಮಟು ಬಂದರೆ, ಮಾಡಬಾರದ ಕೆಲಸ ಒಂದೇ: ಗೀಚುವುದು. ಗೀಚಿದರೆ ತಳದಲ್ಲಿ ಒಂದು ಕಾಸಿನಷ್ಟಿದ್ದದ್ದು ಇಡೀ ಹಾಲಿಗೆ ಹರಡುತ್ತದೆ. ಬಾಣಲೆ ಇಳಿಸಿ, ಅಲುಗಿಸದೆ, ಮೇಲಿನ ಹಾಲನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಬೇಕು, ತಳದ ಒಂದು ಲೋಟದ ಆಸೆ ಬಿಡಬೇಕು. ಬಗ್ಗಿಸಿದ್ದನ್ನು ಒಂದು ಚಮಚ ಆರಿಸಿ ನಾಲಗೆಗೆ ಇಟ್ಟು ನೋಡಿ. ಬಿಸಿಯಲ್ಲಿ ಸೀದ ರುಚಿ ಮರೆಯಾಗಿದ್ದು ಆರಿದಾಗ ಎದ್ದು ಬರುತ್ತದೆ. ಇದೆ ಅನ್ನಿಸಿದರೆ ಏಲಕ್ಕಿ, ಕೇಸರಿ ಎಷ್ಟು ಸುರಿದರೂ ಅದು ಹೋಗುವುದಿಲ್ಲ. ಬೆಳಗಾವಿಯ ಕುಂದಾ ಮಾಡುವವರು ಹಾಲನ್ನು ಬೇಕೆಂದೇ ಕಂದಿಸುತ್ತಾರಲ್ಲ ಎಂದು ನೀವು ಕೇಳಬಹುದು. ಅಲ್ಲಿ ಕಂದುವುದು ಇಡೀ ಮುದ್ದೆ, ಕೈಯಾಡಿಸುತ್ತ, ಎಲ್ಲ ಕಡೆ ಸಮನಾಗಿ. ಇಲ್ಲಿ ತಳದ ಒಂದು ಬಿಲ್ಲೆ ಮಾತ್ರ ಕರಕಲು.

ಹತ್ತು ಗಂಟೆ ಸಮೀಪಿಸಿದೆ. ಹಾಲಿನ ಬಿಳುಪು ಹೋಗಿ ತೆಳು ಗುಲಾಬಿ ಬೆರೆತ ಕೆನೆಬಣ್ಣ ಬಂದಿದೆ. ಬಾಣಲೆಯ ಸುತ್ತ ಕೆನೆ ಹಂತ ಹಂತವಾಗಿ ಕೂತಿದೆ. ನಡುವೆ ಉಳಿದಿರುವ ಹಾಲು ಎರಡು ಲೋಟಕ್ಕೂ ತುಸು ಕಡಿಮೆ. ಸಟ್ಟುಗ ಎಳೆದರೆ ಹಿಂದೆ ಒಂದು ಗಳಿಗೆ ತಳ ಕಾಣಿಸಿ ಮುಚ್ಚಿಕೊಳ್ಳುತ್ತದೆ. ಈಗ ಸಕ್ಕರೆ, ಎರಡು ಲೀಟರ್ ಹಾಲಿಗೆ ನೂರಿಪ್ಪತ್ತು ಗ್ರಾಂ.

ಸಕ್ಕರೆಗೆ ಇಷ್ಟು ಹೊತ್ತು ಕಾಯ್ದದ್ದು ಕಾರಣವಿದ್ದೇ. ಮೊದಲೇ ಹಾಕಿದ್ದರೆ ಹಾಲು ಬೇಗ ಅಂಟು ಅಂಟಾಗಿ, ತಳ ಹತ್ತುವುದೂ ಬೇಗ, ಬಣ್ಣ ಏರುವುದೂ ಬೇಗ ಆಗುತ್ತಿತ್ತು. ಈಗ ಹಾಕಿದ ಕೂಡಲೇ ನಿಮ್ಮ ಎದೆ ಧಸಕ್ಕೆನ್ನುತ್ತದೆ: ಎರಡು ತಾಸು ಕೂತು ದಪ್ಪ ಮಾಡಿದ ಹಾಲು ಕಣ್ಣೆದುರೇ ನೀರಾಗಿ ಇಳಿಯುತ್ತದೆ. ಸಕ್ಕರೆ ಕರಗಿದಾಗ ಹೀಗಾಗುವುದು ಸಹಜ. ಐದಾರು ನಿಮಿಷ ಕೆಂಡದ ಮೇಲೇ ಬಿಟ್ಟು, ಕೈ ನಿಲ್ಲಿಸದೆ ತಳ ಸವರುತ್ತಿದ್ದರೆ ಮೊದಲಿನ ದಪ್ಪ ಮರಳುತ್ತದೆ. ಈ ಹೊತ್ತಿನಲ್ಲಿ ಮಾತ್ರ ಬೀಸಣಿಗೆ ಕೆಳಗಿಡಿ, ಸಕ್ಕರೆ ಬಿದ್ದ ಹಾಲಿನ ತಳ ಒಂದು ನಿಮಿಷವನ್ನೂ ಕ್ಷಮಿಸುವುದಿಲ್ಲ.

ನಿಲ್ಲಿಸುವುದು ಬೇಕಾದ ದಪ್ಪಕ್ಕಿಂತ ಒಂದು ಮೆಟ್ಟಿಲು ಹಿಂದೆ. ಆರಿದಾಗ ಕೊಬ್ಬು ಗಟ್ಟಿಯಾಗಿ ಇನ್ನೂ ಬಿಗಿಯುತ್ತದೆ. ಒಲೆಯ ಮೇಲೇ ‘ಸರಿಯಾಯಿತು’ ಅನ್ನಿಸಿದ ರಬಡಿ ಸಂಜೆಗೆ ಖೋವಾದ ಹತ್ತಿರಕ್ಕೆ ಹೋಗಿರುತ್ತದೆ.

ಬಾಣಲೆ ಕೆಳಗಿಳಿದಿದೆ. ಉಳಿದದ್ದು ಕೆನೆಯನ್ನು ಮನೆಗೆ ಸೇರಿಸುವುದು. ಕಾಕು ಮೊದಲು ಗೋಡೆಯ ಸುತ್ತ ಬಿಸಿ ಹಾಲನ್ನು ಚಮಚದಿಂದ ಹನಿಸಿ ಎರಡು ನಿಮಿಷ ಬಿಡುತ್ತಾರೆ. ಒಣಗಿದ್ದು ನೆನೆದು ಮೆತ್ತಗಾಗುತ್ತದೆ. ಆಮೇಲೆ ಸಟ್ಟುಗದ ಅಂಚನ್ನು ಕೆನೆಯ ಅಡಿಗೆ ತೂರಿಸಿ, ಎರಡು ಬೆರಳು ಅಗಲದ ಪಟ್ಟಿಯಾಗಿ ಎಬ್ಬಿಸಿ, ಹಾಲಿನ ಮೇಲೆ ಮಲಗಿಸುತ್ತಾರೆ. ಕಲಸುವುದಿಲ್ಲ. ಸಟ್ಟುಗದ ಬೆನ್ನಿನಿಂದ ಮುಳುಗುವಷ್ಟು ಒತ್ತುತ್ತಾರೆ, ಪಕ್ಕದ ಹಾಲನ್ನು ಅದರ ಮೇಲೆ ಎಳೆಯುತ್ತಾರೆ, ಮುಂದಿನ ಪಟ್ಟಿಯನ್ನು ಅದಕ್ಕೆ ಅಡ್ಡಲಾಗಿ ಹಾಕುತ್ತಾರೆ. ಎರಡು ಕೆನೆಗಳ ನಡುವೆ ಹಾಲು ಇರಲೇಬೇಕು. ಕೆನೆಯ ಮೇಲೆ ಕೆನೆಯೇ ಕೂತರೆ ಅಂಟಿ ಒಂದೇ ಗಡ್ಡೆಯಾಗಿ, ಚಮಚಕ್ಕೆ ರಬ್ಬರಿನಂತೆ ಬರುತ್ತದೆ. ಬಹಳ ತಿರುವಿದರೆ ಎಳೆ ಕಳೆದು ಬಾಸುಂದಿಯೇ ಆಗುತ್ತದೆ. ಮೇಲಿನ ಸಾಲಿನಲ್ಲಿ ಅಂಚು ಕಂದಿದ್ದ ನಾಲ್ಕೈದು ತುಂಡುಗಳನ್ನು ಅವರು ಇದಕ್ಕೆ ಸೇರಿಸದೆ ಬೇರೆ ತಟ್ಟೆಗೆ ಹಾಕಿದ್ದನ್ನು ನೀವು ಗಮನಿಸುತ್ತೀರಿ.

ಏಲಕ್ಕಿ ಪುಡಿ ಚಿಟಿಕೆ. ಬಿಸಿ ಹಾಲಿನಲ್ಲಿ ನೆನೆಸಿದ್ದ ನಾಲ್ಕು ಎಸಳು ಕೇಸರಿ. ಅಷ್ಟೇ.

ಎರಡು ಲೀಟರಿನಿಂದ ಬಂದದ್ದು ಆರುನೂರರಿಂದ ಆರುನೂರೈವತ್ತು ಗ್ರಾಂ. ಎಮ್ಮೆ ಹಾಲಾದ್ದರಿಂದ ಇಷ್ಟು. ಆಕಳ ಹಾಲಿನಲ್ಲಿ ಕೊಬ್ಬು ಕಡಿಮೆ, ಕೆನೆಯೂ ತೆಳು, ಇದೇ ದಪ್ಪಕ್ಕೆ ಇನ್ನಷ್ಟು ಇಳಿಸಬೇಕು. ಅಂಗಡಿಯ ದರ ಏಕೆ ಅಷ್ಟು ಎಂದು ಗೊಣಗುವ ಮುನ್ನ ಈ ಲೆಕ್ಕ ನೆನಪಿರಲಿ. ಅತಿ ಅಗ್ಗಕ್ಕೆ ಸಿಕ್ಕಿದ ರಬಡಿಯಲ್ಲಿ ಎಳೆಗಾಗಿ ಬ್ಲಾಟಿಂಗ್ ಪೇಪರ್ ಸೇರಿಸುವ ಕಲಬೆರಕೆಯೂ ಉಂಟು. ಕೆನೆಯ ಎಳೆ ನಾಲ್ಕು ಸಲ ಅಗಿದರೆ ಕರಗುತ್ತದೆ, ಕಾಗದ ಹಲ್ಲಿಗೆ ನಾರಾಗಿ ಉಳಿಯುತ್ತದೆ.

ಮಣ್ಣಿನ ಕುಡಿಕೆಗೆ ತುಂಬಿ, ತೆಳು ಬಟ್ಟೆ ಕಟ್ಟಿ, ಪೂರ್ತಿ ಆರಿದ ಮೇಲೆ ಫ್ರಿಜ್ಜಿಗೆ ಇಡಲು ಕಾಕು ಸೊಸೆಗೆ ಹೇಳುತ್ತಾರೆ. ಬಿಸಿ ಇರುವಾಗ ತಟ್ಟೆ ಮುಚ್ಚಿದರೆ ಹಬೆ ನೀರಾಗಿ ಹನಿದು ಮೇಲ್ಪದರ ನೀರು ಬಿಡುತ್ತದೆ. ನಾಳೆ ಬೆಳಗ್ಗೆಗೆ ಎಳೆಗಳು ಹಾಲು ಹೀರಿ ಇನ್ನೂ ಮೃದುವಾಗಿರುತ್ತವೆ. ಎರಡು ದಿನ ದಾಟಿಸಬಾರದು.

ಬಾಣಲೆಯ ಮೇಲಂಚಿನಲ್ಲಿ ಇನ್ನೂ ಒಂದು ಸುತ್ತು ಒಣ ಕೆನೆ ಉಳಿದಿದೆ. ಓಣಿಯ ಹುಡುಗರಿಬ್ಬರು ಆಗಲೇ ಹಿತ್ತಲ ಬಾಗಿಲಲ್ಲಿ ಚಮಚ ಹಿಡಿದು ನಿಂತಿದ್ದಾರೆ.

"ಗ್ವಾಡೀದ ಅಷ್ಟ ತಿನ್ರಿ, ತಳಾ ಕೆರೀಬ್ಯಾಡ್ರಿ," ಎಂದು ಬಾಣಲೆಯನ್ನು ಅವರ ಕಡೆ ಸರಿಸಿ, ಕಾಕು ನಿಮ್ಮ ಕಡೆ ತಿರುಗುತ್ತಾರೆ. "ಆ ಬೀಸಣಿಕಿ ಇತ್ಲಾಗ ಕೊಡು ತಮ್ಮಾ, ನನಗ ಬೀಸ್ಕೊಳ್ಳಾಕ ಬೇಕು."